ಟವರ್ ಸಿಗದ ದಾರಿಯಲ್ಲಿ ಫೋನ್ ಸಂಜೆಯವರೆಗೆ ಬಾಳಬೇಕು

ಟವರ್ ಸರಿಯಾಗಿ ಸಿಗದ ದಿನ ಫೋನಿನ ಚಾರ್ಜು ಬೇಗ ಇಳಿಯುತ್ತದೆ ಎನ್ನುವುದು ಮಲೆನಾಡಿನ ಮನೆಮನೆಗೂ ಗೊತ್ತು. ಜೇಬಿನಲ್ಲಿ ಸುಮ್ಮನೆ ಬಿದ್ದಿದ್ದ ಫೋನ್ ಕೂಡ ಸಂಜೆಗೆ ಸೊರಗಿರುತ್ತದೆ. ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಸುತ್ತ ಪಾರ್ಸೆಲ್, ಔಷಧಿ, ದಿನಸಿ ಹೊತ್ತು ಬೈಕಿನಲ್ಲಿ ತಿರುಗುವವರ ಫೋನಿಗೆ ಇದರ ಮೇಲೆ ಇನ್ನೊಂದು ಹೊರೆ ಇದೆ. ರೈಡರ್ ಈಗ ಎಲ್ಲಿದ್ದಾನೆ ಎಂಬುದನ್ನು ಆ್ಯಪ್ ದಿನವಿಡೀ ತಿಳಿಯುತ್ತಿರಬೇಕು, ತಿಳಿಸುತ್ತಲೂ ಇರಬೇಕು.

ಈ ಆ್ಯಪ್‌ಗಳನ್ನು ಬರೆಯುವವರು ಹೆಚ್ಚಾಗಿ ದೊಡ್ಡ ಊರುಗಳಲ್ಲಿದ್ದಾರೆ. ಹೆಜ್ಜೆಗೊಂದು ಟವರ್, ಕಟ್ಟಡಕ್ಕೊಂದು ವೈಫೈ ಇರುವ ಜಾಗವದು. ಅಲ್ಲಿ ಹುಟ್ಟಿದ ಬ್ಯಾಟರಿ ಸೂತ್ರಗಳನ್ನು ಹಾಗೆಯೇ ಶೃಂಗೇರಿ ಬಳಿಯ ಕಿಗ್ಗದ ದಾರಿಗೆ ತಂದರೆ ಕೆಲವು ತಲೆಕೆಳಗಾಗುತ್ತವೆ. ಮೊದಲು ತಲೆಕೆಳಗಾಗುವುದು, ಜಿಪಿಎಸ್ಸೇ ಬ್ಯಾಟರಿ ತಿನ್ನುತ್ತದೆ, ಆದ್ದರಿಂದ ಅದನ್ನು ಆದಷ್ಟು ಆರಿಸಿಡಿ ಎನ್ನುವ ಮಾತು.

ಜಿಪಿಎಸ್ ಎಂದರೆ ಬರೀ ಕೇಳಿಸಿಕೊಳ್ಳುವ ಕೆಲಸ. ಉಪಗ್ರಹಗಳು ಸದಾ ಹೇಳುತ್ತಲೇ ಇರುತ್ತವೆ, ಫೋನ್ ಅದನ್ನು ಕೇಳಿ ಲೆಕ್ಕ ಹಾಕುತ್ತದೆ. ಅದು ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ, ಅದಕ್ಕೆ ಟವರೂ ಬೇಕಿಲ್ಲ. ಆ ಜಾಗವನ್ನು ಕಂಪನಿಯ ಸರ್ವರ್‌ಗೆ ತಲುಪಿಸಲು ಮಾತ್ರ ಫೋನ್ ಟವರಿಗೆ ಕೂಗಿ ಹೇಳಬೇಕು. ಟವರ್ ದೂರವಾದಷ್ಟೂ ಕೂಗು ಜೋರಾಗುತ್ತದೆ. ಸಾಮಾನ್ಯ 4ಜಿ ಫೋನಿನ ಆಂಟೆನಾ ಹೊರಬಿಡುವ ಗರಿಷ್ಠ ಶಕ್ತಿ ಸುಮಾರು 200 ಮಿಲಿವ್ಯಾಟ್. ಅಷ್ಟನ್ನು ಹೊರಬಿಡಲು ಬ್ಯಾಟರಿಯಿಂದ ಹೋಗುವುದು ಅದರ ಹಲವು ಪಟ್ಟು. ಕೊಪ್ಪ ಪೇಟೆಯಲ್ಲಿ ನಿಂತಾಗ ಈ ಗರಿಷ್ಠ ಮಟ್ಟದ ಹತ್ತಿರವೂ ಹೋಗಬೇಕಿಲ್ಲ. ಗುಡ್ಡದ ಮರೆಯ ತೋಟದ ಮನೆಯ ಅಂಗಳದಲ್ಲಿ ಫೋನ್ ಆ ಮಟ್ಟದಲ್ಲೇ ಕೂಗುತ್ತಿರುತ್ತದೆ.

ಇನ್ನೊಂದು ವಿಷಯ ಆ್ಯಪ್ ಬರೆಯುವವರಿಗೂ ಎಷ್ಟೋ ಸಲ ಹೊಳೆಯುವುದಿಲ್ಲ. ಒಂದು ಚಿಕ್ಕ ಸಂದೇಶ ಕಳಿಸಿ ಮುಗಿದ ಕೂಡಲೇ ಮೋಡೆಮ್ ಮಲಗುವುದಿಲ್ಲ. ಇನ್ನೇನಾದರೂ ಬಂದೀತು ಎಂದು ಸುಮಾರು ಹತ್ತು ಸೆಕೆಂಡ್ ಎಚ್ಚರವಾಗಿಯೇ ಇರುತ್ತದೆ, ಎಷ್ಟು ಹೊತ್ತು ಎನ್ನುವುದು ನೆಟ್‌ವರ್ಕಿನ ಮೇಲೆ ಹೋಗುತ್ತದೆ. ಹಾಗಾದರೆ ಹತ್ತು ಸೆಕೆಂಡಿಗೊಮ್ಮೆ ಜಾಗ ಕಳಿಸುವ ಆ್ಯಪ್ ಮೋಡೆಮ್ಮನ್ನು ಮಲಗಲು ಬಿಡುವುದೇ ಇಲ್ಲ.

ಲೆಕ್ಕ ಹಾಕಿ ನೋಡೋಣ. ಬೆಳಿಗ್ಗೆ 9ಕ್ಕೆ ಕೊಪ್ಪದಿಂದ ಹೊರಟು, ಹರಿಹರಪುರದ ಮೇಲೆ ಶೃಂಗೇರಿಗೆ ಹೋಗಿ, ಅಲ್ಲಿಂದ ಕಿಗ್ಗದ ಕಡೆಯ ಮನೆಗಳಿಗೆ ಹಂಚಿ, ಸಂಜೆ 5ಕ್ಕೆ ಹಿಂದಿರುಗುವ ಒಬ್ಬ ರೈಡರ್ ಇದ್ದಾನೆ ಎಂದುಕೊಳ್ಳೋಣ. ಎಂಟು ತಾಸು, ಹತ್ತು ಸೆಕೆಂಡಿಗೊಂದು ಜಾಗ, ಒಟ್ಟು 2,880 ಬಿಂದು. ಸಿಕ್ಕ ಸಿಕ್ಕ ಹಾಗೆ ಕಳಿಸಿದರೆ ಮೋಡೆಮ್ ಎಂಟು ತಾಸೂ ಎಚ್ಚರ. ಅದೇ ಬಿಂದುಗಳನ್ನು ಫೋನಿನಲ್ಲೇ ಬರೆದಿಟ್ಟುಕೊಂಡು ಐದು ನಿಮಿಷಕ್ಕೊಮ್ಮೆ ಕಟ್ಟಾಗಿ ಕಳಿಸಿದರೆ ದಿನಕ್ಕೆ 96 ಸಲ. ಒಂದು ಸಲಕ್ಕೆ ಹದಿನೈದು ಸೆಕೆಂಡ್ ಹಿಡಿದರೂ ಒಟ್ಟು 24 ನಿಮಿಷ. ಬಿಂದು ಒಂದೂ ಕಡಿಮೆಯಾಗಿಲ್ಲ, ಜಿಪಿಎಸ್ ಒಂದು ಕ್ಷಣವೂ ಆರಿಲ್ಲ. ಫೋನಿನ ಮೆಮೊರಿಯೂ ಹೆಚ್ಚು ಬೇಕಾಗುವುದಿಲ್ಲ. ಒಂದು ಬಿಂದುವಿಗೆ ನೂರು ಅಕ್ಷರ ಹಿಡಿದರೂ ಇಡೀ ದಿನದ ಜಾಡು 300 ಕೆಬಿಯೊಳಗೆ ನಿಲ್ಲುತ್ತದೆ, ಒಂದು ವಾಟ್ಸ್ಆ್ಯಪ್ ಫೋಟೊದಷ್ಟು.

ಜಾಗ ತಿಳಿಯುವುದು, ಜಾಗ ತಿಳಿಸುವುದು ಎರಡೂ ಬೇರೆ ಬೇರೆ ಕೆಲಸ. ಎರಡನ್ನೂ ಒಂದೇ ಗಡಿಯಾರಕ್ಕೆ ಕಟ್ಟಿಹಾಕುವುದರಿಂದಲೇ ಈ ಕಡೆ ಚಾರ್ಜು ಪೋಲಾಗುತ್ತದೆ. ಆಂಡ್ರಾಯ್ಡ್‌ನಲ್ಲಿ ಬಿಡಿಸಿಡುವುದು ಕಷ್ಟವೇನಲ್ಲ:

```kotlin
LocationRequest.Builder(
    Priority.PRIORITY_HIGH_ACCURACY, 10_000L)
  .setMaxUpdateDelayMillis(120_000L)
  .build()
```

ಹತ್ತು ಸೆಕೆಂಡಿಗೊಂದು ಬಿಂದು ಹಿಡಿ, ಆದರೆ ಎರಡು ನಿಮಿಷದವರೆಗೆ ಕೂಡಿಟ್ಟು ಒಟ್ಟಿಗೆ ಕೊಡು ಎಂದು ಇದರ ಅರ್ಥ. ಫೋನಿನ ಜಿಪಿಎಸ್ ಚಿಪ್‌ಗೆ ಕೂಡಿಡುವ ಶಕ್ತಿ ಇದ್ದರೆ ಆ ಎರಡು ನಿಮಿಷ ಮುಖ್ಯ ಪ್ರೊಸೆಸರ್ ಕೂಡ ನಿದ್ದೆ ಮಾಡಬಹುದು. ಎಲ್ಲ ಫೋನಿಗೂ ಆ ಶಕ್ತಿ ಇಲ್ಲ. ಇಲ್ಲದ ಕಡೆ ಬಿಂದುಗಳು ಒಂದೊಂದಾಗಿ ಬರುತ್ತವೆ, ಆ್ಯಪ್ ಕೆಡುವುದಿಲ್ಲ, ಉಳಿತಾಯ ಮಾತ್ರ ಕಡಿಮೆ. ಸರ್ವರ್‌ಗೆ ಕಳಿಸುವ ಐದು ನಿಮಿಷದ ಗಡಿಯಾರ ಇದಕ್ಕಿಂತ ಬೇರೆಯೇ.

ಇಲ್ಲಿರುವ `PRIORITY_HIGH_ACCURACY` ನೋಡಿ ನಗರದ ಡೆವಲಪರ್ ಹುಬ್ಬೇರಿಸಬಹುದು. ಬ್ಯಾಟರಿ ಉಳಿಸಲು `PRIORITY_BALANCED_POWER_ACCURACY` ಬಳಸಿ ಎನ್ನುವುದು ಸಾಮಾನ್ಯ ಸಲಹೆ. ಅದು ಸಾಧ್ಯವಾದಷ್ಟು ಜಿಪಿಎಸ್ ಮುಟ್ಟದೆ, ಸುತ್ತಲಿನ ವೈಫೈ ಮತ್ತು ಟವರ್‌ಗಳಿಂದ ಜಾಗ ಊಹಿಸುತ್ತದೆ. ಬೆಂಗಳೂರಿನ ಜಯನಗರದಲ್ಲಿ ಆ ಊಹೆ ನೂರು ಮೀಟರಿನ ಆಚೀಚೆ ಸಿಗುತ್ತದೆ. ತೋಟಗಳ ನಡುವೆ ವೈಫೈ ಅಪರೂಪ, ಒಂದೇ ಟವರ್ ಹಲವು ಕಿಲೋಮೀಟರಿಗೆ ಹರಡಿಕೊಂಡಿರುತ್ತದೆ. ಎನ್.ಆರ್.ಪುರದ ಬಳಿ ಭದ್ರಾ ಹಿನ್ನೀರಿನ ಈಚೆ ದಡದಲ್ಲಿರುವವನನ್ನು ಅದು ಆಚೆ ದಡದಲ್ಲಿ ತೋರಿಸಿದರೂ ಆಶ್ಚರ್ಯವಿಲ್ಲ. ಬೈಕ್ ಓಡುತ್ತಿರುವಷ್ಟು ಹೊತ್ತು ಇಲ್ಲಿ ಜಿಪಿಎಸ್ಸೇ ಬೇಕು. ಬ್ಯಾಟರಿಯನ್ನು ಬೇರೆ ಕಡೆ ಉಳಿಸಬೇಕು.

ಜಿಪಿಎಸ್‌ಗೂ ದುಬಾರಿಯಾದ ಒಂದು ಹೊತ್ತಿದೆ. ಅದು ಉಪಗ್ರಹ ಹುಡುಕುತ್ತಿರುವ ಹೊತ್ತು. ಒಂದು ಉಪಗ್ರಹ ತಾನೆಲ್ಲಿದ್ದೇನೆ ಎನ್ನುವ ವಿವರವನ್ನು ಸೆಕೆಂಡಿಗೆ 50 ಬಿಟ್‌ನಂತೆ, ತುಂಬಾ ನಿಧಾನವಾಗಿ, 30 ಸೆಕೆಂಡಿಗೊಮ್ಮೆ ಪುನಃ ಪುನಃ ಹೇಳುತ್ತದೆ. ದಟ್ಟ ಮರಗಳ ಕೆಳಗೆ, ಅದರಲ್ಲೂ ಮಳೆಗೆ ನೆನೆದ ಎಲೆಗಳ ಕೆಳಗೆ, ಆ ಮಾತು ನಡುನಡುವೆ ತುಂಡಾಗುತ್ತದೆ. ಆಗ ಮತ್ತೆ ಮೊದಲಿನಿಂದ ಕೇಳಬೇಕು. ಟವರ್ ಇದ್ದರೆ ಈ ವಿವರ ಇಂಟರ್‌ನೆಟ್ಟಿನಿಂದ ಕ್ಷಣದಲ್ಲಿ ಬರುತ್ತದೆ, ಒಮ್ಮೆ ಸಿಕ್ಕರೆ ಎರಡರಿಂದ ನಾಲ್ಕು ತಾಸು ಉಪಯೋಗಕ್ಕೆ ಬರುತ್ತದೆ. ಆದ್ದರಿಂದ ಕೆಲಸ ಶುರು ಮಾಡುವ ಗುಂಡಿ ಒತ್ತಿದಾಗ, ರೈಡರ್ ಇನ್ನೂ ಪೇಟೆಯಲ್ಲಿ ಬಯಲಲ್ಲಿ ನಿಂತಿರುವಾಗಲೇ, ಆ್ಯಪ್ ಒಂದು ಜಾಗ ಹಿಡಿದುಬಿಡಬೇಕು. ಶೃಂಗೇರಿ ಪೇಟೆಗೆ ಬಂದಾಗ ಆ ವಿವರ ಮತ್ತೆ ಹೊಸದಾಗುತ್ತದೆ. ಅಲ್ಲಿಂದ ಮುಂದೆ ಕಾಡಿನ ದಾರಿಯಲ್ಲಿ ಹಿಡಿದ ಉಪಗ್ರಹಗಳನ್ನು ಬಿಡದೆ ಇಟ್ಟುಕೊಳ್ಳುವುದು, ಆರಿಸಿ ಮತ್ತೆ ಹುಡುಕಿಸುವುದಕ್ಕಿಂತ ಅಗ್ಗ.

ಆರಿಸಬೇಕಾದ್ದು ಬೈಕ್ ನಿಂತಾಗ. ಅಂಗಡಿಯಲ್ಲಿ ಸಾಮಾನು ಕಟ್ಟುವವರೆಗೆ ಕಾಯುವಾಗ, ಊಟದ ಹೊತ್ತಿನಲ್ಲಿ, ಮಳೆ ಜೋರಾಗಿ ಬಸ್‌ ತಂಗುದಾಣದಲ್ಲಿ ನಿಂತಾಗ ಜಾಗ ಬದಲಾಗುವುದಿಲ್ಲ. ಫೋನ್ ಅಲುಗಾಡುತ್ತಿದೆಯೇ ಎಂದು ತಿಳಿಸುವ ಸೆನ್ಸರ್‌ಗೆ ಖರ್ಚು ಬಹಳ ಕಡಿಮೆ. ಅದನ್ನು ನೋಡಿ ‘ನಿಂತಿದೆ’, ‘ವಾಹನದಲ್ಲಿದೆ’ ಎಂದು ಹೇಳುವ ವ್ಯವಸ್ಥೆ ಆಂಡ್ರಾಯ್ಡ್‌ನಲ್ಲೇ ಇದೆ. ಅದು ತಕ್ಷಣ ಹೇಳುವುದಿಲ್ಲ, ಸ್ವಲ್ಪ ತಡ ಮಾಡುತ್ತದೆ. ಎಂಜಿನ್ ಆರಿಸದೆ ನಿಲ್ಲಿಸಿದ ಬೈಕಿನ ನಡುಕಕ್ಕೆ ಮೋಸವೂ ಹೋಗುತ್ತದೆ. ಅದಕ್ಕೇ ಅದರ ಜತೆಗೆ, ಕಳೆದ ಎರಡು ಮೂರು ನಿಮಿಷದ ಬಿಂದುಗಳು ಒಂದೇ ಕಡೆ ಗುಂಪಾಗಿವೆಯೇ ಎಂದೂ ನೋಡಬೇಕು. ಇನ್ನು, ಗೋಡೆಗಳ ಒಳಗೆ ಸಿಕ್ಕಿಕೊಂಡ ಫೋನ್ ಆಕಾಶವೇ ಕಾಣದೆ ಹುಡುಕುತ್ತಲೇ ಇದ್ದರೆ ಅದಕ್ಕೊಂದು ಮಿತಿ ಬೇಕು. ಒಂದು ನಿಮಿಷದಲ್ಲಿ ಸಿಗದಿದ್ದರೆ ಕೈಬಿಟ್ಟು, ಮತ್ತೆ ಅಲುಗಾಡಿದಾಗ ಹುಡುಕಲಿ.

ಗಿರಾಕಿಗೆ ಐದು ನಿಮಿಷ ಹಳೆಯ ಜಾಗ ಸಾಕೇ ಎಂಬ ಪ್ರಶ್ನೆ ಸಹಜ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಐದು ನಿಮಿಷ ಎಂದರೆ ಎರಡೂವರೆ ಕಿ.ಮೀ. ಮನೆಯವರಿಗೆ ಬೇಕಾಗಿರುವುದು ‘ಹರಿಹರಪುರ ದಾಟಿದ’ ಎನ್ನುವ ಸುದ್ದಿ. ಅಷ್ಟು ತಿಳಿದರೆ ರಸ್ತೆಬದಿಯ ಗೇಟಿನವರೆಗೆ ಇಳಿದು ಬರಲು ಹೊತ್ತಿರುತ್ತದೆ. ಮನೆ ಎರಡು ಕಿ.ಮೀ. ಒಳಗೆ ಬಂದಾಗ, ಟವರೂ ಇದ್ದರೆ, ಅರ್ಧ ನಿಮಿಷಕ್ಕೊಮ್ಮೆ ಕಳಿಸಿದರಾಯಿತು. ಹತ್ತಿರ ಬಂದಿದ್ದಾನೆಯೇ ಎಂದು ತಿಳಿಯಲು ಆಂಡ್ರಾಯ್ಡ್‌ನ ಸಿದ್ಧ ಜಿಯೋಫೆನ್ಸ್ ಸೌಲಭ್ಯವನ್ನು ಇಲ್ಲಿ ನಂಬಿ ಕೂರಬಾರದು, ಅದು ನೆಟ್‌ವರ್ಕಿನ ಜಾಗವನ್ನೂ ಅವಲಂಬಿಸಿದೆ. ಕೈಯಲ್ಲಿರುವ ಬಿಂದುವಿನಿಂದ ಮನೆಗೆ ಎಷ್ಟು ದೂರ ಎಂದು ಆ್ಯಪ್ಪೇ ಲೆಕ್ಕ ಹಾಕಿಕೊಂಡರೆ ಬೇರೆ ಖರ್ಚಿಲ್ಲ.

ಟವರೇ ಇಲ್ಲದಾಗ ಏನಾಗುತ್ತದೆ ಎಂಬಲ್ಲಿ ಹೆಚ್ಚಿನ ಆ್ಯಪ್‌ಗಳು ಎಡವುತ್ತವೆ. ಕಳಿಸಲು ಆಗಲಿಲ್ಲ ಎಂದು ಪುನಃ ಪುನಃ ಪ್ರಯತ್ನಿಸುವ ಆ್ಯಪ್, ಚಾರ್ಜು ಅತಿ ಹೆಚ್ಚು ಹೋಗುವ ಜಾಗದಲ್ಲೇ ಅತಿ ಹೆಚ್ಚು ಕೆಲಸ ಮಾಡುತ್ತದೆ. ನೆಟ್‌ವರ್ಕ್ ಬಂತು ಎಂದು ಫೋನೇ ಹೇಳುತ್ತದೆ, ಅಲ್ಲಿಯವರೆಗೆ ಸುಮ್ಮನಿರಬೇಕು. ಕರೆಂಟು ಹೋಗಿ ಟವರಿನ ಬ್ಯಾಟರಿಯೂ ಮುಗಿದ ಆಷಾಢದ ಮಧ್ಯಾಹ್ನ ಈ ಮೌನ ತಾಸುಗಟ್ಟಲೆ ಇದ್ದೀತು. ಸರ್ವರ್ ಕೂಡ ಅದಕ್ಕೆ ತಯಾರಿರಬೇಕು. ಬಿಂದು ಬಂದ ಹೊತ್ತನ್ನಲ್ಲ, ಹಿಡಿದ ಹೊತ್ತನ್ನು ನೋಡಿ ಜೋಡಿಸಬೇಕು. ಪ್ರತಿ ಬಿಂದುವಿಗೂ ಕ್ರಮಸಂಖ್ಯೆ ಇರಬೇಕು, ಅರ್ಧಕ್ಕೆ ನಿಂತ ಕಟ್ಟು ಎರಡು ಸಲ ಬಂದರೂ ಎರಡು ಸಲ ಎಣಿಕೆಯಾಗಬಾರದು. ಸಿಕ್ಕಿತು ಎಂದು ಸರ್ವರ್ ಹೇಳಿದ ಮೇಲೆಯೇ ಫೋನ್ ಅಳಿಸಬೇಕು. ಇದಾವುದೂ ಇಲ್ಲದ ಕಂಪನಿಯ ಪರದೆಯಲ್ಲಿ ಕಾಡಿನಲ್ಲಿದ್ದ ರೈಡರ್ ಕೆಲಸ ಬಿಟ್ಟು ಮಾಯವಾದವನಂತೆ ಕಾಣುತ್ತಾನೆ. ಅದು ಅವನಿಗೆ ಮಾಡುವ ಅನ್ಯಾಯ. ಆ್ಯಪ್ ನಿಮಿಷಕ್ಕೊಮ್ಮೆ ‘ಓಡುತ್ತಿದ್ದೇನೆ’ ಎಂದು ಫೋನಿನಲ್ಲೇ ಗುರುತು ಬರೆದಿಟ್ಟರೆ ಸತ್ಯ ಆಮೇಲೆ ತಿಳಿಯುತ್ತದೆ. ಗುರುತಿದ್ದು ಬಿಂದು ಇಲ್ಲದಿದ್ದರೆ ಬೈಕ್ ನಿಂತಿತ್ತು, ಇಲ್ಲವೇ ಜಿಪಿಎಸ್ ಸಿಕ್ಕಿರಲಿಲ್ಲ. ಗುರುತೂ ಇಲ್ಲದಿದ್ದರೆ ಹೆಚ್ಚಾಗಿ ಫೋನೇ ಆ್ಯಪನ್ನು ಕೊಂದಿರುತ್ತದೆ. ಬ್ಯಾಟರಿ ಉಳಿಸುವ ಹೆಸರಿನಲ್ಲಿ ಹಿಂಬದಿಯ ಆ್ಯಪ್‌ಗಳನ್ನು ಕೊಲ್ಲುವ ಫೋನುಗಳು ಕಡಿಮೆ ಬೆಲೆಯಲ್ಲಿ ಬಹಳ ಇವೆ. ಪರದೆಯ ಮೇಲೆ ಸದಾ ಕಾಣುವ ಸೂಚನೆಯೊಂದಿಗೆ ಆ್ಯಪ್ ಓಡಬೇಕು, ಸೆಟ್ಟಿಂಗ್ಸ್‌ನಲ್ಲಿ ವಿನಾಯಿತಿ ಕೊಡುವುದನ್ನು ರೈಡರ್‌ಗೆ ಕೂರಿಸಿಕೊಂಡು ತೋರಿಸಬೇಕು. ಕೆಲಸ ಮುಗಿದ ಗುಂಡಿ ಒತ್ತಿದ ಕೂಡಲೇ ಆ ಸೂಚನೆಯೂ ಜಿಪಿಎಸ್ಸೂ ಎರಡೂ ನಿಲ್ಲಬೇಕು. ರಾಜ್ಯದಲ್ಲಿ 2025ರಲ್ಲಿ ಬಂದ ಗಿಗ್ ಕಾರ್ಮಿಕರ ಕಾಯ್ದೆ ಸ್ವಯಂಚಾಲಿತ ನಿಗಾ ವ್ಯವಸ್ಥೆಯ ಬಗ್ಗೆ ಕಾರ್ಮಿಕರಿಗೆ ತಿಳಿಸಬೇಕು ಎನ್ನುತ್ತದೆ. ಕೆಲಸದ ಹೊತ್ತಿನ ಜಾಡಿನ ಬಗ್ಗೆ ರೈಡರ್‌ಗೆ ಹೇಳಿರಬೇಕು, ಸಂಜೆ ಐದರ ನಂತರದ ಜಾಡು ಯಾರಿಗೂ ಬೇಡ.

ಇಷ್ಟೆಲ್ಲ ಮಾಡಿದ್ದಕ್ಕೆ ಉಳಿದದ್ದೆಷ್ಟು ಎಂದು ಅಳೆಯಲು ಚಾರ್ಜಿನ ಶೇಕಡಾವಾರು ನೋಡಿದರೆ ಸಾಲದು. ಮ್ಯಾಪ್ ಹಾಕಿ ಪರದೆ ಬೆಳಗಿಸಿಟ್ಟುಕೊಂಡರೆ ಅದರ ಖರ್ಚಿನಲ್ಲಿ ಮಿಕ್ಕಿದ್ದೆಲ್ಲ ಮುಚ್ಚಿಹೋಗುತ್ತದೆ. ಬೆಳಿಗ್ಗೆ ಫೋನನ್ನು ಕಂಪ್ಯೂಟರಿಗೆ ಹಾಕಿ `adb shell dumpsys batterystats --reset` ಕೊಟ್ಟು, ತಂತಿ ತೆಗೆದು, ದಿನದ ಸುತ್ತು ಮುಗಿಸಿ ಬಂದು `adb shell dumpsys batterystats` ಕೊಟ್ಟರೆ ಮೋಡೆಮ್, ಜಿಪಿಎಸ್, ಪರದೆ ಯಾವುದು ಎಷ್ಟು ಹೊತ್ತು ಎಚ್ಚರವಿತ್ತು ಎಂಬುದು ಸಿಗುತ್ತದೆ. ಇದನ್ನು ಕಚೇರಿಯ ಮೇಜಿನ ಮೇಲೆ ಮಾಡಿ ಪ್ರಯೋಜನವಿಲ್ಲ, ಕಿಗ್ಗದ ದಾರಿಯಲ್ಲೇ ಮಾಡಬೇಕು.

ಉಳಿತಾಯದ ಆಸೆಗೆ ಬಿಂದುಗಳ ನಡುವಿನ ಅಂತರ ಹಿಗ್ಗಿಸಲು ಹೊರಡುವವರಿಗೆ ಮತ್ತೊಂದು ಪರೀಕ್ಷೆ ಇದೆ. ಕಿಲೋಮೀಟರಿಗೆ ಇಷ್ಟು ಎಂದು ಸಂಬಳ ಕೊಡುವಲ್ಲಿ ಈ ಪರೀಕ್ಷೆ ತಪ್ಪಿಸಲೇಬಾರದು. ಆ್ಯಪ್ ಎರಡು ಬಿಂದುಗಳ ನಡುವೆ ನೇರ ಗೆರೆ ಎಳೆದು ದೂರ ಕೂಡಿಸುತ್ತದೆ. ಮಲೆನಾಡಿನ ರಸ್ತೆ ನೇರವಲ್ಲ. ಆಗುಂಬೆ ಘಾಟಿಯಂಥ ತಿರುವಿನಲ್ಲಿ ಅರ್ಧ ಕಿ.ಮೀ. ಓಡಿದ ಮೇಲೂ ಬೈಕ್ ಹೊರಟ ಜಾಗದಿಂದ ಕೂಗಳತೆಯಲ್ಲೇ ಇರಬಹುದು. 30 ಕಿ.ಮೀ. ವೇಗದಲ್ಲಿ ಹತ್ತು ಸೆಕೆಂಡಿಗೆ ಬೈಕ್ ಸುಮಾರು 83 ಮೀಟರ್ ಹೋಗುತ್ತದೆ, ತಿರುವುಗಳು ಹೆಚ್ಚುಕಡಿಮೆ ಸಿಗುತ್ತವೆ. ಒಂದು ನಿಮಿಷಕ್ಕೆ ಹಿಗ್ಗಿಸಿದರೆ 500 ಮೀಟರ್, ತಿರುವುಗಳೆಲ್ಲ ಮಾಯ. ಕೊಪ್ಪದಿಂದ ಶೃಂಗೇರಿಗೆ ಹೋಗಿ ಬೈಕಿನ ಮೀಟರನ್ನೂ ಆ್ಯಪಿನ ದೂರವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆ್ಯಪ್ ಎರಡು ಮೂರು ಕಿ.ಮೀ. ಕಡಿಮೆ ತೋರಿಸಿದರೆ ಮೊದಲು ಬಿಂದುಗಳ ನಡುವಿನ ಅಂತರವನ್ನು ತಗ್ಗಿಸಬೇಕು, ಅಲ್ಲಿಯವರೆಗೆ ಸಂಬಳವನ್ನು ಬೈಕಿನ ಮೀಟರ್ ನೋಡಿ ಕೊಡಬೇಕು.