ಪಾಲುಪತ್ರದ ಮೂರು ವಾಕ್ಯಗಳು, ಅನುವಾದಕನ ಒಂದು ಮುಖಪತ್ರ

ತಾಳವಾಡಿ ಬೆಟ್ಟಪ್ರದೇಶದ ಮನೆಗಳಲ್ಲಿ ಮಾತು ಕನ್ನಡ, ಕಂದಾಯ ಕಚೇರಿಯ ಕಡತ ತಮಿಳು. ಅಜ್ಜನ ಕಾಲದಲ್ಲಿ ಊರಿನ ಬರಹಗಾರನು ಕನ್ನಡದಲ್ಲಿ ಬರೆದ ಪಾಲುಪತ್ರವೊಂದು ಪೆಟ್ಟಿಗೆಯ ತಳದಲ್ಲಿದ್ದರೆ, ಮನೆಯವರಿಗೆ ಅದನ್ನು ಓದಲು ಯಾರ ನೆರವೂ ಬೇಡ. ಕನ್ನಡ ಶಾಲೆಯ ಎಂಟನೆಯ ತರಗತಿಯ ಹುಡುಗಿಯೂ ಅದನ್ನು ಓದಿ ಹೇಳಿಯಾಳು. ಆದರೆ ಜಮೀನಿನ ವಿಷಯದಲ್ಲಿ ತಕರಾರು ಹುಟ್ಟಿ ಆ ಪತ್ರವು ದಿಂಬಂ ಘಾಟಿ ಇಳಿದು ಸತ್ಯಮಂಗಲದ ನ್ಯಾಯಾಲಯವನ್ನು ಸೇರಬೇಕಾದಾಗ ಅದರ ಜೊತೆಗೆ ತಮಿಳು ಅನುವಾದವೂ ಹೋಗಬೇಕಾಗುತ್ತದೆ. ವ್ಯಾಜ್ಯವು ಹೈಕೋರ್ಟಿನವರೆಗೆ ಬೆಳೆದರೆ ಇಂಗ್ಲಿಷ್ ಅನುವಾದವೂ ಬೇಕು. ಅಲ್ಲಿಂದಾಚೆಗೆ ವಕೀಲರೂ ನ್ಯಾಯಾಧೀಶರೂ ಓದುವುದು ಬಹುಮಟ್ಟಿಗೆ ಅನುವಾದವನ್ನೇ ಹೊರತು ಮೂಲವನ್ನಲ್ಲ.

ಆದ್ದರಿಂದ ಒಳ್ಳೆಯ ಅನುವಾದಕನು ಅನುವಾದವನ್ನಷ್ಟೇ ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ. ಅದರ ಮೇಲೆ ಕಕ್ಷಿದಾರನಿಗೆ ಒಂದು ಮುಖಪತ್ರವನ್ನು ಬರೆದಿಡುತ್ತಾನೆ. ಮೂಲದ ಯಾವ ವಾಕ್ಯಕ್ಕೆ ಎರಡು ಅರ್ಥ ಹೊರಡುತ್ತದೆ, ಅನುವಾದದಲ್ಲಿ ಯಾವುದನ್ನು ಹಿಡಿಯಲಾಗಿದೆ, ಏಕೆ ಹಿಡಿಯಲಾಗಿದೆ, ಇನ್ನೊಂದೇ ಸರಿಯಾಗಿದ್ದರೆ ಏನು ಬದಲಾಗುತ್ತದೆ ಎಂಬ ನಾಲ್ಕು ಸಂಗತಿಗಳನ್ನು ಅದು ತಿಳಿಸುತ್ತದೆ. ಒಂದೆರಡು ಪುಟದ ಈ ಕಾಗದವನ್ನು ಅನೇಕರು ಬಿಲ್ಲಿನ ಜೊತೆಗೆ ಮಡಿಸಿ ಮರೆತುಬಿಡುತ್ತಾರೆ. ಅದರೊಳಗೆ ಏನಿರುತ್ತದೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಅಣ್ಣತಮ್ಮಂದಿರಿಬ್ಬರ ನಡುವಿನ ಹಳೆಯ ಪಾಲುಪತ್ರವೊಂದನ್ನು ಕಲ್ಪಿಸಿಕೊಂಡು, ಅದರಲ್ಲಿ ಇಂಥ ಪತ್ರಗಳಲ್ಲಿ ಎಡವಿಸುವ ಮೂರು ಬಗೆಯ ವಾಕ್ಯಗಳಿವೆಯೆಂದು ಇಟ್ಟುಕೊಳ್ಳೋಣ.

ಮೊದಲನೆಯ ವಾಕ್ಯ: "ಸದರಿ ಹೊಲ 2-20 ಅಣ್ಣನ ಪಾಲಿಗೆ."

ಎರಡು ಎಕರೆಯ ವಿಷಯದಲ್ಲಿ ಸಂಶಯವಿಲ್ಲ. ಆ ಇಪ್ಪತ್ತು ಯಾವುದು? ಮದರಾಸು ಆಡಳಿತದ ರೂಢಿಯಲ್ಲಿ ಎಕರೆಗೆ ನೂರು ಸೆಂಟು, ಮೈಸೂರು ರೂಢಿಯಲ್ಲಿ ಎಕರೆಗೆ ನಲವತ್ತು ಗುಂಟೆ. ತಾಳವಾಡಿಯು ಚಾಮರಾಜನಗರದ ಮಗ್ಗುಲಿಗಿದೆ. ಇತ್ತಣ ಕೊಳ್ಳೇಗಾಲವು 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹೀಗೆ ಎರಡು ಅಳತೆಗಳು ಒಂದರ ಪಕ್ಕದಲ್ಲೊಂದು ನಡೆದ ಸೀಮೆಯಿದು. ಬರಹಗಾರನು ಯಾವ ಕಡೆಯ ಲೆಕ್ಕದಲ್ಲಿ ಪಳಗಿದ್ದನೆಂದು ಅಂಕಿಯೊಂದೇ ಹೇಳಲಾರದು. ಸೆಂಟಾದರೆ ಜಮೀನು ಎರಡು ಎಕರೆ ಇಪ್ಪತ್ತು ಸೆಂಟು. ಗುಂಟೆಯಾದರೆ ಎರಡೂವರೆ ಎಕರೆ. ನಡುವಣ ವ್ಯತ್ಯಾಸ ಮೂವತ್ತು ಸೆಂಟು. ಒಂದು ಮನೆ, ಕಣ, ಕೊಟ್ಟಿಗೆ ಎಲ್ಲವೂ ಹಿಡಿಸಿ ಉಳಿಯುವಷ್ಟು ನೆಲವದು.

ಅನುವಾದಕನು ಮೊದಲು ಮಾಡುವ ಪರೀಕ್ಷೆ ಸರಳವಾದದ್ದು. ಗುಂಟೆಯ ಲೆಕ್ಕದಲ್ಲಿ ಅಡ್ಡಗೆರೆಯ ಬಲಗಡೆಯ ಅಂಕಿ ಮೂವತ್ತೊಂಬತ್ತನ್ನು ಮೀರುವುದಿಲ್ಲ, ನಲವತ್ತಾದೊಡನೆ ಇನ್ನೊಂದು ಎಕರೆಯಾಗುತ್ತದೆ. ಪತ್ರದ ಬೇರೆ ಕಡೆ ಎಲ್ಲಿಯಾದರೂ "1-65" ಎಂಬಂಥ ಅಂಕಿ ಕಂಡರೆ ಬರಹಗಾರನದು ಸೆಂಟಿನ ಲೆಕ್ಕವೆಂದು ನಿಶ್ಚಯಿಸಬಹುದು. ಈ ಪತ್ರದಲ್ಲಿ ಎಲ್ಲ ಅಂಕಿಗಳೂ ನಲವತ್ತರ ಒಳಗಿವೆಯಾದ್ದರಿಂದ ಪರೀಕ್ಷೆಯು ಏನನ್ನೂ ತೀರ್ಮಾನಿಸದು. ಇಂದಿನ ಪಟ್ಟಾದಲ್ಲಿ ವಿಸ್ತೀರ್ಣವು ಹೆಕ್ಟೇರಿನಲ್ಲಿರುತ್ತದೆ. ಆ ಹೊಲಕ್ಕೆ 0.89 ಎಂದಿದ್ದರೆ ಸೆಂಟಿಗೂ 1.01 ಎಂದಿದ್ದರೆ ಗುಂಟೆಗೂ ಬಲ ಬರುತ್ತದೆ. ಆದರೆ ಪಟ್ಟಾ ಬೇರೊಂದು ದಾಖಲೆ. ಅದನ್ನು ನೋಡಿಕೊಂಡು ಪಾಲುಪತ್ರದ ಮಾತನ್ನು ತುಂಬಿಸುವುದು ಅನುವಾದಕನ ಕೆಲಸವಲ್ಲ.

ತಮಿಳಿನಲ್ಲಿಯೂ "2-20" ಎಂದೇ ಬರೆಯಲು ಯಾವ ಅಡ್ಡಿಯೂ ಇಲ್ಲ. ಆದ್ದರಿಂದ ಅವನು ಅಂಕಿಯನ್ನು ಇದ್ದಂತೆಯೇ ಇಟ್ಟು ಮುಖಪತ್ರದಲ್ಲಿ ಹೀಗೆ ಬರೆಯುತ್ತಾನೆ: "ಮೂಲದಲ್ಲಿ ಅಳತೆಯ ಹೆಸರಿಲ್ಲ. ಸೆಂಟು, ಗುಂಟೆ ಎರಡಕ್ಕೂ ಎಡೆಯಿದೆ. ಅನುವಾದದಲ್ಲಿ ಯಾವುದನ್ನೂ ಸೇರಿಸಿಲ್ಲ. ಪಟ್ಟಾವನ್ನೂ ಅಳತೆ ನಕ್ಷೆಯನ್ನೂ ನಿಮ್ಮ ವಕೀಲರಿಗೆ ಒಪ್ಪಿಸಿ." ಮೂಲದ ಸಂದಿಗ್ಧವನ್ನು ಹೊಸ ಭಾಷೆಯೂ ಹೊರಬಲ್ಲದಾದರೆ ಅದನ್ನು ಹಾಗೆಯೇ ದಾಟಿಸಬೇಕೆಂಬುದು ಇಲ್ಲಿಯ ನಿಯಮ.

ಎರಡನೆಯ ವಾಕ್ಯವು ಚಕ್ಕುಬಂದಿಯದು: "ಹಳ್ಳ ಮೂಡಲು, ದಾರಿ ಪಡುವಲು."

ಕನ್ನಡದ ರೂಢಿಯಲ್ಲಿ ಇದನ್ನು ಓದಿದರೆ ಹೊಲದ ಮೂಡಲ ಎಲ್ಲೆ ಹಳ್ಳ, ಪಡುವಣ ಎಲ್ಲೆ ದಾರಿ. ತಮಿಳಿನ ಹಳೆಯ ಪತ್ರಗಳಲ್ಲಿ ಎಲ್ಲೆಯನ್ನು ಹೇಳುವ ರೀತಿ ಇದರ ತಿರುವುಮುರುವು. ಅಲ್ಲಿ "ಓಡೈಕ್ಕು ಕಿಳಕ್ಕು" ಎಂದರೆ ಹೊಲವೇ ಹಳ್ಳದ ಮೂಡಲಿಗಿದೆ ಎಂದರ್ಥ, ಅಂದರೆ ಹಳ್ಳವು ಹೊಲದ ಪಡುವಣ ಎಲ್ಲೆ. ಎರಡು ಭಾಷೆಗಳ ನಡುವೆ ಬಾಳಿದ ಬರಹಗಾರನು "ಹಳ್ಳಕ್ಕೆ" ಎಂಬಲ್ಲಿಯ ವಿಭಕ್ತಿಯನ್ನು ಬಿಟ್ಟು ತಮಿಳು ರೀತಿಯಲ್ಲಿಯೇ ಬರೆದಿರಲೂಬಹುದು. ಮೊದಲ ಅರ್ಥದಲ್ಲಿ ಹೊಲವು ದಾರಿಗೆ ಮೂಡಲಲ್ಲಿದೆ, ಎರಡನೆಯದರಲ್ಲಿ ದಾರಿಗೆ ಪಡುವಲಲ್ಲಿದೆ. ದಿಕ್ಕಿನ ಹೆಸರನ್ನು ಪದಕ್ಕೆ ಪದವಾಗಿ ತಮಿಳಿಗೆ ಹಾಕುವ ಅನುವಾದಕನು ತನಗೇ ಅರಿವಿಲ್ಲದೆ ಹೊಲವನ್ನು ದಾರಿಯ ಆಚೆಗೆ ಎತ್ತಿಟ್ಟಿರುತ್ತಾನೆ. ಇಂಥ ಪತ್ರಗಳ ಅನುವಾದದಲ್ಲಿ ಮೊದಲು ಪರೀಕ್ಷಿಸಬೇಕಾದ ಸ್ಥಳವಿದು.

ಈ ಸಂದಿಗ್ಧವನ್ನು ಪತ್ರವೇ ಬಿಡಿಸುತ್ತದೆ. ನಾಲ್ಕು ಸಾಲು ಕೆಳಗೆ "ದಾರಿಯಿಂದ ಪಡುವಣ ಹೊಲ ತಮ್ಮನಿಗೆ" ಎಂದಿದೆ. ಈ ಮಾತಿಗೆ ಎರಡರ್ಥವಿಲ್ಲ. ಅಣ್ಣನ ಹೊಲವೂ ದಾರಿಗೆ ಪಡುವಲಲ್ಲಿದ್ದರೆ ಒಂದೇ ನೆಲವು ಇಬ್ಬರ ಪಾಲಿಗೂ ಬಂದಂತಾಗುತ್ತದೆ, ಪಾಲುಪತ್ರಕ್ಕೇ ಅರ್ಥವಿಲ್ಲದಂತಾಗುತ್ತದೆ. ಆದ್ದರಿಂದ ಅಣ್ಣನ ಹೊಲವು ದಾರಿಗೂ ಹಳ್ಳಕ್ಕೂ ನಡುವೆ ಇರುವುದು. ಅನುವಾದಕನು ತಮಿಳಿನಲ್ಲಿ "ಓಡೈಕ್ಕು ಮೇರ್ಕು, ಪಾದೈಕ್ಕು ಕಿಳಕ್ಕು" ಎಂದು ಬರೆಯುತ್ತಾನೆ. ಮೂಲದಲ್ಲಿ ಹಳ್ಳದ ಪಕ್ಕದಲ್ಲಿ ಮೂಡಲು ಎಂದಿರುವಾಗ ಅನುವಾದದಲ್ಲಿ ಪಡುವಲು ಎಂದು ಕಂಡರೆ ಕಕ್ಷಿದಾರನು ತಪ್ಪಾಗಿದೆಯೆಂದು ಗಾಬರಿಯಾಗಬಹುದು. ಎದುರಾಳಿಯ ವಕೀಲರು ಅದನ್ನೇ ಹಿಡಿದು ಪ್ರಶ್ನಿಸಬಹುದು. ಅದಕ್ಕಾಗಿಯೇ ಮುಖಪತ್ರದಲ್ಲಿ ಆ ಕೆಳಗಿನ ಸಾಲಿನ ಪುಟವನ್ನೂ ಸಾಲಿನ ಸಂಖ್ಯೆಯನ್ನೂ ಕಾಣಿಸಿ, ದಿಕ್ಕು ಬದಲಾದದ್ದು ಅರ್ಥವನ್ನು ಉಳಿಸಲಿಕ್ಕೆಂದು ವಿವರಿಸಿರಬೇಕು.

ಮೂರನೆಯದು ಎಲ್ಲಕ್ಕಿಂತ ಕಠಿಣ: "ಬಾವಿಯ ಮಗ್ಗುಲಿನ ತೋಟವನ್ನು ತಾಯಿಯವರು ಅಣ್ಣನ ಕೂಡ ಇದ್ದು ಅನುಭವಿಸತಕ್ಕದ್ದು. ಅವರ ತರುವಾಯ ಅವರ ಮಕ್ಕಳಿಗೆ ಸೇರತಕ್ಕದ್ದು."

ಕನ್ನಡದ "ಅವರು" ಗೌರವದ ಏಕವಚನವೂ ಹೌದು, ಬಹುವಚನವೂ ಹೌದು. ತಾಯಿಯೊಬ್ಬರನ್ನೇ ಕುರಿತ ಮಾತಾದರೆ ತೋಟವು ತಾಯಿಯ ಕಾಲಾನಂತರ ಅವರ ಎಲ್ಲ ಮಕ್ಕಳಿಗೆ, ಅಂದರೆ ಅಣ್ಣನಿಗೂ ತಮ್ಮನಿಗೂ ಸೇರುತ್ತದೆ, ಹೆಣ್ಣುಮಕ್ಕಳಿದ್ದರೆ ಅವರಿಗೂ ಸೇರುತ್ತದೆ. ತಾಯಿಯನ್ನೂ ಅಣ್ಣನನ್ನೂ ಕೂಡಿಸಿದ ಮಾತಾದರೆ ಇಬ್ಬರೂ ತೀರಿಕೊಳ್ಳುವವರೆಗೆ ತೋಟವು ಯಾರಿಗೂ ಇಳಿಯದು. ಆಮೇಲೆ ಅಣ್ಣನ ಮಕ್ಕಳೂ ಹಕ್ಕು ಹೇಳಬಹುದು. ಈ ಎರಡರ್ಥದ ಮಾತನ್ನು ತಮಿಳು ಹಾಗೆಯೇ ಹೊರಲಾರದು. ಅಲ್ಲಿ ಗೌರವದ ಒಬ್ಬರಿಗೆ "ಅವರ್", ಹಲವರಿಗೆ "ಅವರ್ಗಳ್". ಇಂಗ್ಲಿಷಿನಲ್ಲಿಯೂ ತಾಯಿಯೊಬ್ಬಳಿಗೆ ಒಂದು ಸರ್ವನಾಮ, ಇಬ್ಬರಿಗೆ ಇನ್ನೊಂದು. ಎರಡರಲ್ಲೊಂದನ್ನು ಆರಿಸದೆ ವಾಕ್ಯವನ್ನು ಮುಗಿಸುವಂತಿಲ್ಲ.

ಅನುವಾದಕನು ವಾಕ್ಯದ ಕಟ್ಟನ್ನು ನೋಡುತ್ತಾನೆ. "ಅನುಭವಿಸತಕ್ಕದ್ದು" ಎಂಬುದರ ಕರ್ತೃ ತಾಯಿ, ಅಣ್ಣನು "ಕೂಡ ಇದ್ದು" ಎಂಬಲ್ಲಿಗೆ ಜೊತೆಗಾರನಷ್ಟೇ. ಈ ಆಧಾರದ ಮೇಲೆ ಅವನು "ಅವರ್" ಎಂಬ ಏಕವಚನವನ್ನು ಆರಿಸುತ್ತಾನೆ. ಆದರೆ ಇದು ಎರಡನೆಯ ವಾಕ್ಯದ ಹಾಗೆ ಪತ್ರವೇ ಕೊಟ್ಟ ತೀರ್ಪಲ್ಲ. ಆದ್ದರಿಂದ ಅನುವಾದದೊಳಗೇ ಆ ಪದದ ಬಳಿ ಗುರುತು ಹಾಕಿ, "ಮೂಲದ ಪದಕ್ಕೆ ಬಹುವಚನದ ಅರ್ಥವೂ ಉಂಟು" ಎಂದು ಅಡಿಟಿಪ್ಪಣಿ ಬರೆಯುತ್ತಾನೆ. ಮುಖಪತ್ರದಲ್ಲಿ ಎರಡು ಅರ್ಥಗಳ ಪರಿಣಾಮವನ್ನೂ ಬಿಡಿಸಿ ಹೇಳುತ್ತಾನೆ.

ಅದೇ ವಾಕ್ಯದ "ಮಕ್ಕಳು" ಎಂಬ ಪದದಲ್ಲಿ ಇನ್ನೊಂದು ಬಲೆಯಿದೆ. ಇಂದಿನ ತಮಿಳಿನಲ್ಲಿ "ಮಕ್ಕಳ್" ಎಂದರೆ ಮುಖ್ಯವಾಗಿ ಜನರು, ಪ್ರಜೆಗಳು. ಪದ ಒಂದೇ ಎಂದು ಹಾಗೆಯೇ ಇಟ್ಟರೆ ಅರ್ಥ ಕೆಡುತ್ತದೆ. "ಕುಮಾರರ್ಗಳ್" ಎಂದರೆ ಗಂಡುಮಕ್ಕಳಷ್ಟೇ ಆಗಿ ಹೆಣ್ಣುಮಕ್ಕಳು ಒಂದೇ ಪದದಿಂದ ಹೊರಬೀಳುತ್ತಾರೆ. ಪತ್ರದ ಬೇರೆಡೆ ಗಂಡುಮಕ್ಕಳನ್ನೇ ಹೇಳಬೇಕಾದಾಗ ಬರಹಗಾರನು "ಗಂಡುಮಕ್ಕಳು" ಎಂದೇ ಬರೆದಿದ್ದಾನೆ. ಇಲ್ಲಿ ಹಾಗೆ ಬರೆದಿಲ್ಲ. ಅನುವಾದಕನು ಇಬ್ಬರನ್ನೂ ಒಳಗೊಳ್ಳುವ "ಪಿಳ್ಳೈಗಳ್" ಎಂಬುದನ್ನು ಹಿಡಿದು, ಕಾರಣವನ್ನು ಒಂದು ಸಾಲಿನಲ್ಲಿ ಕಾಣಿಸುತ್ತಾನೆ.

ಇಷ್ಟು ಜಾಗರೂಕತೆಗೆ ಕಾನೂನಿನಲ್ಲಿಯೂ ಕಾರಣವಿದೆ. 1872ರ ಸಾಕ್ಷ್ಯ ಕಾಯಿದೆಯ 93ನೆಯ ಕಲಮಿನಂತೆ, ಪತ್ರದ ಭಾಷೆಯು ಮೇಲ್ನೋಟಕ್ಕೇ ಅಸ್ಪಷ್ಟವಾಗಿದ್ದರೆ ಅಥವಾ ಕೊರತೆಯುಳ್ಳದ್ದಾಗಿದ್ದರೆ ಆ ಕೊರತೆಯನ್ನು ಹೊರಗಿನ ಸಾಕ್ಷ್ಯದಿಂದ ತುಂಬುವಂತಿಲ್ಲ. ಆದರೆ 98ನೆಯ ಕಲಮಿನಂತೆ ಸ್ಥಳೀಯ ಪದಗಳು, ಹಳತಾದ ಪ್ರಯೋಗಗಳು, ಸಂಕ್ಷೇಪಗಳು ಇವುಗಳ ಅರ್ಥವನ್ನು ತೋರಿಸಲು ಸಾಕ್ಷ್ಯ ಕೊಡಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಇದೇ ನಿಯಮಗಳನ್ನು ಉಳಿಸಿಕೊಂಡಿದೆ. "2-20" ಎಂಬಂಥ ಬರಹ ಇವೆರಡರಲ್ಲಿ ಯಾವುದಕ್ಕೆ ಸೇರುತ್ತದೆಂದು ವಕೀಲರು ವಾದಿಸಬಹುದು, ನ್ಯಾಯಾಧೀಶರು ತೀರ್ಮಾನಿಸಬಹುದು. ಅನುವಾದಕನು ಸದ್ದಿಲ್ಲದೆ "ಗುಂಟೆ" ಎಂದು ಸೇರಿಸಿಬಿಟ್ಟರೆ ಅಲ್ಲಿ ಒಂದು ಪ್ರಶ್ನೆಯಿತ್ತೆಂಬುದೇ ಯಾರಿಗೂ ತಿಳಿಯದು. ಊರಿನ ಹಿರಿಯರನ್ನು ಕರೆತಂದು ಹಳೆಯ ಅಳತೆಯ ರೂಢಿಯನ್ನು ಹೇಳಿಸುವ ಅವಕಾಶವೂ ಅಲ್ಲಿಗೆ ಮುಗಿಯಿತು. ಆ ತಮಿಳಿನಿಂದ ಮುಂದೆ ಇಂಗ್ಲಿಷಿಗೆ ಅನುವಾದವಾದರೆ ಎರಡನೆಯ ಅನುವಾದಕನ ಮುಂದೆ ಮೂಲವೂ ಇರುವುದಿಲ್ಲ.

ಕೆಲವು ಕಕ್ಷಿದಾರರು ಮುಖಪತ್ರವನ್ನು ಓದಿ, ತಮಗೆ ಅನುಕೂಲವಾದ ಅರ್ಥವನ್ನೇ ಬರೆದುಕೊಡಿರೆಂದು ಕೇಳುವುದುಂಟು. ಅದನ್ನು ಅನುವಾದಕನು ಒಪ್ಪಲಾಗದು. ಅನುವಾದವು ಮೂಲಕ್ಕೆ ಸರಿಯಾಗಿದೆಯೆಂದು ಸಹಿ ಹಾಕುವವನು ಅವನು, ಪಾಟೀಸವಾಲಿನಲ್ಲಿ ಉತ್ತರಿಸಬೇಕಾದವನೂ ಅವನೇ. ಅನುಕೂಲವಾದ ಅರ್ಥವನ್ನು ವಾದಿಸಲು ವಕೀಲರಿದ್ದಾರೆ. ಮುಖಪತ್ರವು ಅವರ ಕೈಸೇರಿದರೆ ವಾದಕ್ಕೆ ಬೇಕಾದ ಸ್ಥಳಗಳೆಲ್ಲ ಅದರಲ್ಲಿಯೇ ಗುರುತಾಗಿರುತ್ತವೆ.

ಅನುವಾದವನ್ನು ಕೈಗೆ ತೆಗೆದುಕೊಳ್ಳುವಾಗ ಮನೆಯವರೇ ಮೂರು ಸ್ಥಳಗಳನ್ನು ನೋಡಬಹುದು. ಮೂಲದಲ್ಲಿಲ್ಲದ ಅಳತೆಯ ಹೆಸರು ಅನುವಾದದಲ್ಲಿ ಬಂದಿದೆಯೇ, ಚಕ್ಕುಬಂದಿಯ ದಿಕ್ಕುಗಳು ನೆಲದ ಮೇಲಿನ ಹಳ್ಳಕ್ಕೂ ದಾರಿಗೂ ಹೊಂದುತ್ತವೆಯೇ, "ಅವರು" ಎಂಬಲ್ಲೆಲ್ಲ ಒಬ್ಬರೋ ಹಲವರೋ ಎಂದು ತಿಳಿಸಿದ್ದಾರೆಯೇ? ಈ ಮೂರಕ್ಕೂ ಮುಖಪತ್ರದಲ್ಲಿ ಒಂದು ಮಾತೂ ಇಲ್ಲದಿದ್ದರೆ, ಹಣ ಕೊಡುವ ಮುನ್ನ ಕೇಳಿ ಬರೆಸಿಕೊಳ್ಳಬೇಕು. ಮೂಲದ ಕನ್ನಡವನ್ನೂ ಅನುವಾದದ ತಮಿಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಬಲ್ಲವರು ನ್ಯಾಯಾಲಯದಲ್ಲಿ ವಿರಳ, ತಾಳವಾಡಿಯ ಮನೆಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.