ಮೊದಲು ಶುಲ್ಕದ ಲೆಕ್ಕ, ಆಮೇಲೆ ಅಡಮಾನ

ಪಕ್ಕದ ಮನೆಯ ಹುಡುಗಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಆನ್‌ಲೈನ್‌ನಲ್ಲಿ ಶಿಕ್ಷಣ ಸಾಲದ ಅರ್ಜಿ ತುಂಬುತ್ತಾ ಅವಳು ಅಡಮಾನದ ಕಾಲಂಗೆ ಬಂದು ನಿಂತುಬಿಟ್ಟಳು. "ಅಪ್ಪಾ, ಆಸ್ತಿ ವಿವರ ಕೇಳ್ತಿದೆ, ಏನ್ ಬರೀಲಿ?" ಅದಕ್ಕೆ ಉತ್ತರವಿದ್ದದ್ದು ಹಿಂದಿನ ಪುಟದ ಶುಲ್ಕದ ಲೆಕ್ಕದಲ್ಲಿ.

ಅವಳು ಮೊದಲ ವರ್ಷದ ಶುಲ್ಕವನ್ನಷ್ಟೇ ಬರೆದಿದ್ದಳು. ಎಷ್ಟೋ ಮಂದಿ ಮಾಡುವ ತಪ್ಪು ಇದೇ. ಮಂಜೂರಾತಿ ಆಗುವುದು ಇಡೀ ಕೋರ್ಸಿನ ಖರ್ಚಿಗೆ. ಕಡಿಮೆ ಬರೆದರೆ ಎರಡನೇ ವರ್ಷ ಸಾಲ ಹೆಚ್ಚಿಸಿಕೊಡಿ ಎಂದು ಮತ್ತೆ ಬ್ಯಾಂಕಿಗೆ ಅಲೆಯಬೇಕು. ಕಾಲೇಜಿನಿಂದ ವರ್ಷವಾರು ಶುಲ್ಕದ ಪತ್ರ ತರಿಸಿ ಕೂಡಿಸಿದೆವು: ಬೋಧನಾ ಶುಲ್ಕ ವರ್ಷಕ್ಕೆ 1,40,000, ಹಾಸ್ಟೆಲ್ ಮತ್ತು ಊಟ 80,000, ಪರೀಕ್ಷೆ ಮತ್ತು ಲ್ಯಾಬ್ 10,000. ನಾಲ್ಕು ವರ್ಷಕ್ಕೆ 9,20,000. ಲ್ಯಾಪ್‌ಟಾಪಿನ 50,000 ಸೇರಿ 9,70,000.

ನಾಲ್ಕು ಲಕ್ಷ ದಾಟಿದ ಸಾಲಕ್ಕೆ, ದೇಶದೊಳಗಿನ ಓದಾದರೆ, ಶೇ 5ರಷ್ಟನ್ನು ಸಾಮಾನ್ಯವಾಗಿ ಮನೆಯವರೇ ಹಾಕಬೇಕು. ಅದು 48,500. ಉಳಿದ 9,21,500 ಸಾಲ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಏಳೂವರೆ ಲಕ್ಷದವರೆಗೆ ಅಡಮಾನ ಕೇಳುವುದಿಲ್ಲ, ಅದನ್ನು ದಾಟಿದರೆ ಕೇಳುತ್ತಾರೆ. ಪಿಎಂ-ವಿದ್ಯಾಲಕ್ಷ್ಮಿ ಪಟ್ಟಿಯ ಕಾಲೇಜಾದರೆ ಆಸ್ತಿಯೂ ಬೇಡ, ಜಾಮೀನೂ ಬೇಡ. ಇವಳ ಕಾಲೇಜು ಆ ಪಟ್ಟಿಯಲ್ಲಿರಲಿಲ್ಲ.

ಅವರಿಗೆ ಇದ್ದದ್ದು ಅಡಿಕೆ ತೋಟ, ಅದೂ ತೀರಿಹೋದ ಅಜ್ಜನ ಹೆಸರಿನಲ್ಲಿ. ಪೌತಿ ಖಾತೆ ಆಗಿರಲಿಲ್ಲ. ಆಗಿದ್ದರೂ ಕಷ್ಟವೇ. ಸಾಲ ಮರಳದಿದ್ದಾಗ ಕೋರ್ಟಿಗೆ ಹೋಗದೆ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಪಹಣಿ ಹಿಡಿದು ಹೋದವರಿಗೆ ಮ್ಯಾನೇಜರು ಮನೆಯ ಅಥವಾ ಸೈಟಿನ ಪತ್ರ ಇದೆಯಾ ಎಂದು ಕೇಳುವುದು.

ಮನೆಯಲ್ಲಿ ಮಾತಾಡಿಕೊಂಡು, ಹಾಸ್ಟೆಲ್ ಖರ್ಚನ್ನು ಅಡಿಕೆ ದುಡ್ಡಿನಲ್ಲೇ ನೋಡಿಕೊಳ್ಳೋಣ ಎಂದು ತೀರ್ಮಾನಿಸಿದರು. ಆಗ ಲೆಕ್ಕ 6,50,000ಕ್ಕೆ ಇಳಿಯಿತು. ಅದರಲ್ಲಿ 32,500 ಕಳೆದು ಕೇಳಿದ ಸಾಲ 6,17,500. ಅಡಮಾನದ ಕಾಲಂನಲ್ಲಿ 'ಇಲ್ಲ' ಎಂದು ಗುರುತು ಹಾಕಿದಳು.

ಇನ್ನು ಸಹ ಅರ್ಜಿದಾರರು. ಇದನ್ನು ಸಾಕ್ಷಿ ಸಹಿ ಎಂದುಕೊಂಡವರಿದ್ದಾರೆ. ಅಲ್ಲ, ಅವರೂ ಸಾಲಗಾರರೇ. ಕಂತು ತಪ್ಪಿದರೆ ಇಬ್ಬರ ಸಿಬಿಲ್ ದಾಖಲೆಗೂ ಪೆಟ್ಟು. ಅಪ್ಪನ ಹಳೆಯ ಟ್ರ್ಯಾಕ್ಟರ್ ಸಾಲ ಬಾಕಿಯಿತ್ತು. ಅದನ್ನು ಮುಚ್ಚಿಟ್ಟರೂ ಬ್ಯಾಂಕಿನ ಪರದೆಯಲ್ಲಿ ಕಾಣುತ್ತದೆ. ಆದ್ದರಿಂದ ಸರ್ಕಾರಿ ಶಾಲೆಯ ಶಿಕ್ಷಕಿಯಾದ ಅಮ್ಮನ ಹೆಸರು ಹಾಕಿದೆವು. ಅಲ್ಲೂ ಒಂದು ತೊಡಕು: ಆಧಾರ್‌ನಲ್ಲಿ ಗಂಡನ ಹೆಸರು ಸೇರಿತ್ತು, ಪ್ಯಾನ್‌ನಲ್ಲಿ ತವರಿನ ಇನಿಷಿಯಲ್ ಹಾಗೇ ಉಳಿದಿತ್ತು. ಪ್ಯಾನ್ ತಿದ್ದಿಸಿ ಬರುವವರೆಗೂ ಅರ್ಜಿಯನ್ನು ಕಳಿಸದೆ ಸೇವ್ ಮಾಡಿಟ್ಟಳು.