ಟಿಕೆಟ್ ಕೊಂಡದ್ದು ನಿಜ, ಫೋನ್ ನಂಬರ್ ಕೊಟ್ಟವರು ಯಾರು?

ಪುತ್ತೂರಿನ ಹತ್ತಿರದ ಒಂದು ಮನೆ. ಶನಿವಾರ ಮಧ್ಯಾಹ್ನ ಊಟ ಮುಗಿದು ಮನೆಯವರೆಲ್ಲ ಅಡ್ಡಾಗಿದ್ದರು. ಮೂವತ್ತಮೂರು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಟೀಚರಜ್ಜಿ ಮಾತ್ರ ಜಗಲಿಯಲ್ಲಿ ಕನ್ನಡಕ ಏರಿಸಿಕೊಂಡು ಫೋನ್ ಹಿಡಿದು ಕೂತಿದ್ದರು. ಪರದೆಯಲ್ಲಿ 12,500 ರೂಪಾಯಿ ಎಂಬ ಅಂಕಿ, ಅದರ ಕೆಳಗೆ ಯುಪಿಐ ಪಿನ್ ಕೇಳುವ ಚೌಕ. ಎರಡು ಅಂಕಿ ಒತ್ತಿಯೂ ಆಗಿತ್ತು. ಮೂರನೆಯದು ಸರಿಯಾಗಿ ನೆನಪಾಗದೆ, ಒಳಗೆ ಮಲಗಿದ್ದ ಮೊಮ್ಮಗಳನ್ನು ಕೂಗಿದರು: "ನನ್ನ ಪಿನ್ನು ನೀನೇ ಅಲ್ವಾ ಹಾಕಿ ಕೊಟ್ಟದ್ದು, ಎಂತ ಅದು?"

ಮಂಗಳೂರಿನಲ್ಲಿ ಬಿಕಾಂ ಓದುತ್ತಿರುವ ಆ ಹುಡುಗಿ ಎದ್ದು ಬಂದು ಪರದೆ ನೋಡಿದಳು. "ಯಾರಿಗೆ ಅಜ್ಜಿ ಇಷ್ಟು ದುಡ್ಡು?"

"ಸರ್ಕಾರಕ್ಕೆ. ನನಗೆ ಲಾಟರಿ ಬಂದುಂಟು."

ಈ ಉತ್ತರಕ್ಕೆ ನಗುವ ಮೊದಲು ಒಂದು ಸಂಗತಿ ತಿಳಿದಿರಬೇಕು. ಅಜ್ಜಿ ನಿಜವಾಗಿಯೂ ಲಾಟರಿ ಟಿಕೆಟ್ ಕೊಂಡಿದ್ದರು. ಎರಡು ವಾರದ ಹಿಂದೆ ಮಧೂರು ದೇವಸ್ಥಾನಕ್ಕೆ ಹೋಗಿ ಬರುವಾಗ ಕಾಸರಗೋಡಿನ ಬಸ್ ಸ್ಟ್ಯಾಂಡಿನಲ್ಲಿ ಅಂಗವಿಕಲರೊಬ್ಬರು ಟಿಕೆಟ್ ಮಾರುತ್ತಿದ್ದರು. ಅವರ ಮೇಲಿನ ಕನಿಕರಕ್ಕೆ ಐವತ್ತು ರೂಪಾಯಿಯ ಒಂದನ್ನು ಕೊಂಡು ಪಂಚಾಂಗದೊಳಗೆ ಇಟ್ಟಿದ್ದರು. ಕೇರಳದಲ್ಲಿ ಲಾಟರಿಯನ್ನು ಸರ್ಕಾರವೇ 1967ರಿಂದ ನಡೆಸುತ್ತಿದೆ. ಕರ್ನಾಟಕದವರಿಗೆ ಅಲ್ಲಿ ಬಹುಮಾನ ಬಂದದ್ದೂ ಸುಳ್ಳಲ್ಲ. 2024ರ ತಿರುವೋಣಂ ಬಂಪರಿನ 25 ಕೋಟಿ ರೂಪಾಯಿ ಮಂಡ್ಯ ಜಿಲ್ಲೆಯವರೊಬ್ಬರ ಪಾಲಾಗಿ, ಇಲ್ಲಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಗಿತ್ತು. ಹೀಗಿರುವಾಗ ವಾಟ್ಸಾಪಿನಲ್ಲಿ "ಕೇರಳ ರಾಜ್ಯ ಲಾಟರಿ: ನಿಮಗೆ 25 ಲಕ್ಷ" ಎಂಬ ಸಂದೇಶ ಬಂದರೆ ನಂಬಲು ದಡ್ಡರೇ ಆಗಬೇಕೆಂದಿಲ್ಲ. ಮೋಸಗಾರರು ಇಂಥ ಸಂದೇಶವನ್ನು ಸಾವಿರಾರು ಜನರಿಗೆ ಒಟ್ಟಿಗೆ ಕಳಿಸುತ್ತಾರೆ. ಅವರಲ್ಲಿ ಒಂದಿಷ್ಟು ಜನ ಇತ್ತೀಚೆಗೆ ಟಿಕೆಟ್ ಕೊಂಡವರೇ ಆಗಿರುತ್ತಾರೆ. ಅವರಿಗೆ ಅಷ್ಟೇ ಸಾಕು.

ಸಂದೇಶದ ಕೊಂಡಿ ಒತ್ತಿದಾಗ ತೆರೆದ ಪುಟವೂ ಅಚ್ಚುಕಟ್ಟಾಗಿತ್ತು. ಮೇಲೆ ಎರಡು ಆನೆ, ನಡುವೆ ಶಂಖ ಇರುವ ಕೇರಳ ಸರ್ಕಾರದ ಲಾಂಛನ. ಕೆಳಗೆ ಚೆಕ್ ಹಿಡಿದು ನಗುವ ವಿಜೇತರ ಫೋಟೊಗಳು. ಹೆಸರು, ಊರು ತುಂಬಿಸಿದ ಕೂಡಲೇ ಅಜ್ಜಿಯ ಹೆಸರು ಅಚ್ಚಾದ ಪ್ರಮಾಣಪತ್ರವೊಂದು ಮೂಡಿತು. ಪಾಸ್‌ಬುಕ್ಕಿನ ಮೊದಲ ಪುಟ ಮತ್ತು ಆಧಾರ್ ಕಾರ್ಡಿನ ಫೋಟೊ ಕೇಳಿತು, ಅಜ್ಜಿ ಕೊಟ್ಟರು. ಕೊನೆಗೆ "ಜಿಎಸ್‌ಟಿ ಮತ್ತು ಸಂಸ್ಕರಣಾ ಶುಲ್ಕ 12,500 ರೂ." ಎಂದಿತು, ಜೊತೆಗೆ ಎರಡು ಗಂಟೆಯಿಂದ ಹಿಂದಕ್ಕೆ ಓಡುವ ಗಡಿಯಾರ. 25 ಲಕ್ಷದ ಎದುರು ಅದು ನೂರಕ್ಕೆ ಐವತ್ತು ಪೈಸೆ. ಅಷ್ಟು ದೊಡ್ಡ ಮೊತ್ತದ ಪಕ್ಕದಲ್ಲಿಟ್ಟರೆ ಒಂದು ತಿಂಗಳ ಮನೆಖರ್ಚೂ ಚಿಲ್ಲರೆಯಂತೆ ಕಾಣುತ್ತದೆ.

ಮೊಮ್ಮಗಳು ಫೋನ್ ಕಸಿದುಕೊಳ್ಳಲಿಲ್ಲ. "ಟಿಕೆಟ್ ತನ್ನಿ ಅಜ್ಜಿ, ನೋಡುವ" ಎಂದಳು. ಪಂಚಾಂಗದಿಂದ ಟಿಕೆಟ್ ಹೊರಬಂತು. ಕೇರಳದ ಟಿಕೆಟ್ಟಿನಲ್ಲಿ ಎರಡು ಇಂಗ್ಲಿಷ್ ಅಕ್ಷರ, ಆಮೇಲೆ ಆರು ಅಂಕಿ ಇರುತ್ತವೆ. ಪ್ರಮಾಣಪತ್ರದಲ್ಲಿದ್ದ ಸಂಖ್ಯೆಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಅಜ್ಜಿ ಸೋಲಲಿಲ್ಲ: "ಅದು ಮೊಬೈಲ್ ನಂಬರಿಗೆ ಬಂದ ಬಹುಮಾನ ಅಂತ ಬರೆದಿದ್ದಾರೆ."

"ಟಿಕೆಟ್ ಕೊಳ್ಳುವಾಗ ನೀವು ಮೊಬೈಲ್ ನಂಬರ್ ಕೊಟ್ಟಿದ್ರಾ?"

ಅಜ್ಜಿ ಸುಮ್ಮನಾದರು. ಕೊಟ್ಟಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ ಮಾರುವವರು ಹೆಸರು ಕೇಳುವುದಿಲ್ಲ, ನಂಬರ್ ಬರೆದುಕೊಳ್ಳುವುದಿಲ್ಲ. ಕೇರಳ ಲಾಟರಿ ಕಾಗದದ ಟಿಕೆಟ್ಟಿನಲ್ಲೇ ನಡೆಯುತ್ತದೆ. ಆನ್‌ಲೈನ್ ಮಾರಾಟ ಇಲ್ಲ ಎಂದು ಅಲ್ಲಿನ ಲಾಟರಿ ಇಲಾಖೆ ಮತ್ತೆ ಮತ್ತೆ ಹೇಳಿದೆ. ಫಲಿತಾಂಶ ನೋಡಿಕೊಂಡು, ಮೂಲ ಟಿಕೆಟ್ ಹಿಡಿದು, ಮೂವತ್ತು ದಿನದೊಳಗೆ ಗೆದ್ದವರೇ ಹೋಗಿ ಕೇಳಬೇಕು. ಗೆದ್ದವರು ಯಾರೆಂದು ಅಲ್ಲಿಯವರೆಗೆ ಸರ್ಕಾರಕ್ಕೇ ಗೊತ್ತಿರುವುದಿಲ್ಲ. ಅಂದಮೇಲೆ ಗೆದ್ದವರಿಗೆ ಸಂದೇಶ ಕಳಿಸುವುದು ಹೇಗೆ ಸಾಧ್ಯ? ಇಡೀ ಪ್ರಕರಣದಲ್ಲಿ ಮುಖ್ಯವಾದ ಪ್ರಶ್ನೆ ಇದೇ. ಇದನ್ನು ಕೇಳಲು ಕಂಪ್ಯೂಟರ್ ಜ್ಞಾನವೇನೂ ಬೇಡ.

ಆದರೂ ಟೀಚರಿಗೆ ಒಂದು ಅನುಮಾನ ಉಳಿಯಿತು. ಪುಟದ ವಿಳಾಸದಲ್ಲಿ ಸರ್ಕಾರದ ಹೆಸರು ಸ್ಪಷ್ಟವಾಗಿ ಕಾಣುತ್ತಿತ್ತಲ್ಲ? ಮೊಮ್ಮಗಳು ವಿಳಾಸದ ಪಟ್ಟಿಯ ಮೇಲೆ ಬೆರಳಿಟ್ಟು, ಅದನ್ನು ಕೊನೆಯವರೆಗೆ ಎಳೆದು ತೋರಿಸಿದಳು. ಹೆಚ್ಚುಕಡಿಮೆ ಹೀಗಿತ್ತು (ಕೊನೆಯ ಭಾಗವನ್ನು ಇಲ್ಲಿ ಬದಲಿಸಿದೆ):

```
https://statelottery.kerala.gov.in.prize-vitarane.xyz/claim
```

ಕೇರಳ ಲಾಟರಿ ಇಲಾಖೆಯ ನಿಜವಾದ ತಾಣ `statelottery.kerala.gov.in`. ಅದು ಈ ವಿಳಾಸದಲ್ಲಿ ಒಂದಕ್ಷರ ತಪ್ಪಿಲ್ಲದೆ ಇದೆ. ಆದರೂ ಪುಟ ಇಲಾಖೆಯದಲ್ಲ. ಇದು ಹೇಗೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಓದು ಬರಹ ಚೆನ್ನಾಗಿ ಬಲ್ಲವರು ಎಡವುವುದೇ ಇಲ್ಲಿ.

ನಾವು ಎಡದಿಂದ ಓದುತ್ತೇವೆ. ಅಂತರ್ಜಾಲದ ವಿಳಾಸದ ಒಡೆತನ ಗೊತ್ತಾಗುವುದು ಬಲದಿಂದ. ಮೊದಲು `https://` ಬಿಡಬೇಕು. ಅದರ ನಂತರ ಸಿಗುವ ಮೊದಲ ಒಂಟಿ ಓರೆಗೆರೆ ಎಲ್ಲಿದೆ ನೋಡಬೇಕು. ಆ ಗೆರೆಗೆ ತಗುಲಿಕೊಂಡಂತೆ ಎಡಕ್ಕಿರುವ ಕೊನೆಯ ಭಾಗವೇ ಒಡೆಯನ ಹೆಸರು. ಇಲ್ಲಿ ಅದು `prize-vitarane.xyz`. ಆ ಹೆಸರನ್ನು ಯಾರು ಬೇಕಾದರೂ ಕೆಲವು ನೂರು ರೂಪಾಯಿಗೆ ಕೊಳ್ಳಬಹುದು. ಕೊಂಡ ಮೇಲೆ ಅದರ ಎಡಕ್ಕೆ ಚುಕ್ಕಿ ಇಟ್ಟು ಏನನ್ನಾದರೂ ಬರೆದುಕೊಳ್ಳಬಹುದು, ತಡೆಯುವವರಿಲ್ಲ. `gov.in` ಎಂದು ಕೊನೆಯಾಗುವ ಹೆಸರು ಮಾತ್ರ ಸರ್ಕಾರಿ ಸಂಸ್ಥೆಗಳಲ್ಲದೆ ಬೇರೆಯವರಿಗೆ ಸಿಗುವುದಿಲ್ಲ. ಅದು ಕೊನೆಯಲ್ಲಿರಬೇಕು, ನಡುವೆ ಇದ್ದರೆ ಬೆಲೆಯಿಲ್ಲ.

ಇದನ್ನು ಕೇಳಿ ಟೀಚರಜ್ಜಿಗೆ ತಾವೇ ನಾಲ್ಕನೇ ತರಗತಿಗೆ ಕಲಿಸಿದ ಪಾಠ ನೆನಪಾಯಿತು. "ಲಕೋಟೆ ಮೇಲೆ ಬರೆದ ಹಾಗೆ. ಹೆಸರಿನ ಸಾಲಿನಲ್ಲಿ ವಿಧಾನಸೌಧ ಅಂತ ಬರೆದರೂ ಕೆಳಗೆ ಪಿನ್‌ಕೋಡ್ ಪುತ್ತೂರಿನದ್ದಾದರೆ ಕಾಗದ ಪುತ್ತೂರಿಗೇ ಹೋಗುತ್ತದೆ." ಮೊಮ್ಮಗಳಿಗೂ ಇಷ್ಟು ಚೆನ್ನಾಗಿ ಹೇಳಲು ಬಂದಿರಲಿಲ್ಲ.

ಫೋನಿನ ಸಣ್ಣ ಪರದೆ ಮೋಸಗಾರರಿಗೆ ಅನುಕೂಲ. ಉದ್ದದ ವಿಳಾಸ ಪೂರ್ತಿ ಕಾಣುವುದಿಲ್ಲ. ವಾಟ್ಸಾಪಿನ ಸಂದೇಶದಲ್ಲಂತೂ ಕಣ್ಣಿಗೆ ಬೀಳುವುದು ಮೊದಲ ಭಾಗವೇ. ಬೀಗದ ಗುರುತು ಇದೆಯಲ್ಲ ಎನ್ನುವವರೂ ಇದ್ದಾರೆ. ನಿಮ್ಮ ಫೋನಿಗೂ ಆ ತಾಣಕ್ಕೂ ನಡುವಿನ ಮಾತನ್ನು ಮೂರನೆಯವರು ಕದ್ದು ಕೇಳಲಾರರು ಎಂಬುದಷ್ಟೇ ಆ ಬೀಗದ ಅರ್ಥ. ಆ ಕಡೆ ಇರುವವನು ಕಳ್ಳನೋ ಸಾಚಾನೋ ಎಂಬುದನ್ನು ಅದು ಹೇಳುವುದಿಲ್ಲ.

ಹುಡುಗಿ ಇನ್ನೊಂದು ಕೆಲಸ ಮಾಡಿದಳು. `lookup.icann.org` ತೆರೆದು ಆ ಒಡೆಯನ ಹೆಸರನ್ನು ಟೈಪ್ ಮಾಡಿದಳು. ಹೆಸರು ನೋಂದಣಿಯಾದ ದಿನಾಂಕ ಬಂತು: ಹನ್ನೊಂದು ದಿನ ಹಿಂದಿನದು. ಐವತ್ತಕ್ಕೂ ಹೆಚ್ಚು ವರ್ಷದ ಲಾಟರಿ ಇಲಾಖೆಗೆ ಹನ್ನೊಂದು ದಿನದ ತಾಣ! ಹಾಗೆಂದು ಹಳೆಯ ದಿನಾಂಕ ಕಂಡ ಮಾತ್ರಕ್ಕೆ ತಾಣ ಒಳ್ಳೆಯದೆನ್ನಲಾಗದು. ಹಳೆಯ ತಾಣಗಳನ್ನೂ ಕದ್ದು ಬಳಸುವವರಿದ್ದಾರೆ. ತೀರಾ ಹೊಸದಾಗಿದ್ದರೆ ಮಾತ್ರ ಅದು ಬಲವಾದ ಸಾಕ್ಷಿ.

ಇನ್ನು ಶುಲ್ಕದ ಮಾತು. ಲಾಟರಿಯ ಜಿಎಸ್‌ಟಿ ಟಿಕೆಟ್ಟಿನ ಬೆಲೆಯಲ್ಲೇ ಸೇರಿರುತ್ತದೆ, ಬಹುಮಾನದ ಮೇಲೆ ಬರುವುದಿಲ್ಲ. ಬಹುಮಾನಕ್ಕೆ ಇರುವುದು ಆದಾಯ ತೆರಿಗೆ. ಹತ್ತು ಸಾವಿರ ದಾಟಿದ ಬಹುಮಾನದಲ್ಲಿ ಶೇಕಡಾ 30ನ್ನು ಕೊಡುವವರೇ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. 25 ಲಕ್ಷ ನಿಜವಾಗಿ ಬಂದಿದ್ದರೆ ಏಳೂವರೆ ಲಕ್ಷ ಅಲ್ಲೇ ಕಡಿತವಾಗುತ್ತಿತ್ತು, ಅಜ್ಜಿಯ ಖಾತೆಯಿಂದ ಒಂದು ರೂಪಾಯಿಯೂ ಹೋಗುತ್ತಿರಲಿಲ್ಲ. ಬಿಕಾಂ ಹುಡುಗಿಗೆ ಈ ಲೆಕ್ಕ ಬಾಯಿಪಾಠವಾಗಿತ್ತು. ಹಣ ಪಡೆಯಲು ಯುಪಿಐ ಪಿನ್ ಒತ್ತುವುದೇ ಇಲ್ಲ. ಪಿನ್ ಒತ್ತಿದರೆ ಹಣ ಹೊರಗೆ ಹೋಗುತ್ತದೆ. ಪಿನ್ ಚೌಕಕ್ಕೆ ಮುಂಚಿನ ಪರದೆಯಲ್ಲಿ ಪಡೆಯುವವರ ಬ್ಯಾಂಕ್ ಖಾತೆಯ ಹೆಸರು ಬಂದಿತ್ತು. ಅಲ್ಲಿ ಇಲಾಖೆಯ ಹೆಸರಿಲ್ಲ, ಯಾರೋ ಒಬ್ಬ ಗಂಡಸಿನ ಹೆಸರಿತ್ತು. ಅಜ್ಜಿ ಅದನ್ನು ನೋಡಿಯೂ ಇದ್ದರು. ಅಲ್ಲಿ ಕೆಲಸ ಮಾಡುವ ಗುಮಾಸ್ತರಿರಬೇಕು ಎಂದುಕೊಂಡಿದ್ದರಂತೆ.

ಕಟ್ಟಿದ್ದರೆ ಅದು ಮೊದಲ ಕಂತು ಮಾತ್ರ ಆಗುತ್ತಿತ್ತು. ಈ ಮೋಸದ ಕ್ರಮವೇ ಹಾಗೆ. ಮೊದಲು ಸಂಸ್ಕರಣಾ ಶುಲ್ಕ, ಆಮೇಲೆ ತೆರಿಗೆ, ಆಮೇಲೆ ರಿಸರ್ವ್ ಬ್ಯಾಂಕಿನ ಅನುಮತಿ ಎಂಬ ಹೆಸರಿನಲ್ಲಿ ಇನ್ನಷ್ಟು. ಕಳೆದುಕೊಂಡದ್ದು ವಾಪಸ್ ಬರಲಿ ಎಂದು ಜನ ಮತ್ತೆ ಕಟ್ಟುತ್ತಾರೆ. "ಕೌನ್ ಬನೇಗಾ ಕರೋಡ್‌ಪತಿ"ಯ ಹೆಸರಿನಲ್ಲಿ ವರ್ಷಗಳಿಂದ ತಿರುಗುತ್ತಿರುವ 25 ಲಕ್ಷದ ಸಂದೇಶವೂ ಇದೇ ಜಾತಿಯದು. ಕರ್ನಾಟಕದಲ್ಲಿ 2007ರಿಂದ ಲಾಟರಿಯೇ ನಿಷೇಧ, ಆದ್ದರಿಂದ "ಕರ್ನಾಟಕ ಲಾಟರಿ" ಎಂದು ಬಂದದ್ದೆಲ್ಲ ಸುಳ್ಳು. ವಿದೇಶದ ಲಾಟರಿಯ ಟಿಕೆಟ್ಟಿಗೆ ಭಾರತದಿಂದ ಹಣ ಕಳಿಸುವುದನ್ನು ವಿದೇಶಿ ವಿನಿಮಯದ ನಿಯಮಗಳೇ ನಿಷೇಧಿಸಿವೆ.

ಹಣ ಉಳಿಯಿತು, ಆದರೆ ಪಾಸ್‌ಬುಕ್ ಮತ್ತು ಆಧಾರ್ ಫೋಟೊ ಹೋಗಿಯಾಗಿತ್ತು. ಹುಡುಗಿ ಆಧಾರ್ ಆ್ಯಪ್‌ನಲ್ಲಿ ಅಜ್ಜಿಯ ಬೆರಳಚ್ಚಿಗೆ ಬೀಗ ಹಾಕಿದಳು. ಸೋಮವಾರ ಇಬ್ಬರೂ ಬ್ಯಾಂಕಿಗೆ ಹೋಗಿ ವಿಷಯ ತಿಳಿಸಿದರು. ಅಷ್ಟರಲ್ಲಿ "ಶುಲ್ಕ ಯಾಕೆ ಕಟ್ಟಲಿಲ್ಲ" ಎಂದು ಎರಡು ಬಾರಿ ಕರೆ ಬಂದಿತ್ತು. ಎರಡನೆಯ ಬಾರಿ ಟೀಚರ್ ಫೋನೆತ್ತಿ, ನನ್ನ ಟಿಕೆಟ್ಟಿನ ಸಂಖ್ಯೆ ಹೇಳಿ ಎಂದರು. ಆ ಕಡೆಯಿಂದ ಕರೆ ಕಡಿದುಹೋಯಿತು. ಇಲಾಖೆಯ ತಾಣದಲ್ಲಿ ಆ ವಾರದ ಫಲಿತಾಂಶವನ್ನೂ ನೋಡಿದರು. ಪಂಚಾಂಗದಲ್ಲಿದ್ದ ಟಿಕೆಟ್ಟಿಗೆ ಏನೂ ಬಂದಿರಲಿಲ್ಲ.

ಹಣ ಕಟ್ಟಿಯಾದವರು ನಾಚಿಕೆಯಿಂದ ಮುಚ್ಚಿಡಬಾರದು. 1930ಕ್ಕೆ ಕೂಡಲೇ ಕರೆ ಮಾಡಿ, ಯುಪಿಐ ವ್ಯವಹಾರದ ಹನ್ನೆರಡು ಅಂಕಿಯ ಸಂಖ್ಯೆ ಕೊಡಿ. ಹಣ ಕಳ್ಳರ ಖಾತೆಯಿಂದ ಮುಂದಕ್ಕೆ ಹೋಗುವ ಮೊದಲು ತಡೆಹಿಡಿಯಲು ಅವಕಾಶ ಇರುವುದು ಮೊದಲ ಕೆಲವು ಗಂಟೆಗಳಲ್ಲಿ. ಕಟ್ಟದೆ ಉಳಿದವರಿಗೂ ಒಂದು ಕೆಲಸ ಇದೆ. `cybercrime.gov.in` ತಾಣದಲ್ಲಿ ಅನುಮಾನ ಬಂದ ಫೋನ್ ಸಂಖ್ಯೆ, ತಾಣದ ವಿಳಾಸ, ಯುಪಿಐ ಐಡಿಗಳನ್ನು ದಾಖಲಿಸಬಹುದು, ಬೇರೆಯವರು ದೂರಿದ ಸಂಖ್ಯೆಗಳನ್ನು ಹುಡುಕಿಯೂ ನೋಡಬಹುದು. ಟೀಚರಜ್ಜಿ ಮೂರನ್ನೂ ಅಲ್ಲಿ ಬರೆಸಿದ್ದಾರೆ. ನಿಮ್ಮ ಫೋನಿಗೂ ಇಂಥ ಸಂದೇಶ ಬಂದಿದ್ದರೆ, ಅಳಿಸುವ ಮೊದಲು ದಯವಿಟ್ಟು ಅಲ್ಲಿ ದಾಖಲಿಸಿ.